ತಲುಪಿದೆ ಎನ್ನುವ ಕೊರಿಯರ್, ಬಂದಿಲ್ಲ ಎನ್ನುವ ಮಾರಾಟಗಾರ

ಆನ್‌ಲೈನ್‌ನಲ್ಲಿ ಕೊಂಡು ವಾಪಸ್ ಕಳಿಸಿದ ವಸ್ತುವಿಗೆ ಟ್ರ್ಯಾಕಿಂಗ್‌ನಲ್ಲಿ 'ಡೆಲಿವರ್ಡ್' ಎಂದು ಕಂಡರೂ ಕೆಲವೊಮ್ಮೆ ಹಣ ಬರುವುದಿಲ್ಲ. ಮಾರಾಟಗಾರರ ಗೋದಾಮಿನಲ್ಲಿ ಪಾರ್ಸೆಲ್ಲನ್ನು ಬಿಚ್ಚಿ, ಪರಿಶೀಲಿಸಿ, ಒಳಬಂದಿದೆ ಎಂದು ದಾಖಲಿಸುವುದು ಬೇರೆಯೇ ಹಂತ. ರೀಫಂಡ್ ಹೊರಡುವುದು ಸಾಮಾನ್ಯವಾಗಿ ಆ ದಾಖಲೆಯ ಮೇಲೆ.

ಈ ಎರಡು ಹಂತಗಳ ನಡುವೆಯೇ ಪಾರ್ಸೆಲ್ ಕಾಣೆಯಾಗುತ್ತದೆ. ವಾಪಸ್ ಬಂದ ಹತ್ತಾರು ಪೊಟ್ಟಣಗಳನ್ನು ಕೊರಿಯರ್‌ನವರು ಒಂದೇ ಚೀಲದಲ್ಲಿ ತಂದಿಳಿಸಿ, ಎಲ್ಲಕ್ಕೂ ಸೇರಿಸಿ ಒಂದೇ ಸಹಿ ಪಡೆಯುವುದುಂಟು. ಚೀಲದಲ್ಲಿ ಒಂದು ಕಡಿಮೆಯಿದ್ದರೂ ಟ್ರ್ಯಾಕಿಂಗ್‌ನಲ್ಲಿ ಎಲ್ಲವೂ ತಲುಪಿದಂತೆ ಕಾಣುತ್ತದೆ. ಕೆಲವೊಮ್ಮೆ ಪಾರ್ಸೆಲ್ ಅದೇ ಮಾರಾಟಗಾರರ ಬೇರೆ ಗೋದಾಮಿಗೆ ಹೋಗಿರುತ್ತದೆ. ಇಲ್ಲವೇ ಮೂಲೆಯಲ್ಲಿ ಬಿಚ್ಚದೆ ಬಿದ್ದಿರುತ್ತದೆ.

ದಾವಣಗೆರೆಯ ಗ್ರಾಹಕಿಯೊಬ್ಬರು 3,200 ರೂಪಾಯಿಯ ಮಿಕ್ಸರನ್ನು ಭಿವಂಡಿಯ ಗೋದಾಮಿಗೆ ವಾಪಸ್ ಕಳಿಸಿದರು ಎಂದುಕೊಳ್ಳೋಣ. ಅವರು ಕೇಳಬೇಕಾದದ್ದು ಡೆಲಿವರಿಯ ಪುರಾವೆ, ಅಂದರೆ ಪಿಒಡಿ. ಅದರಲ್ಲಿ ಪಡೆದವರ ಹೆಸರು, ಸಹಿ ಅಥವಾ ಮೊಹರು, ದಿನಾಂಕ, ವಿಳಾಸ ಇವೆಯೇ ಎಂದು ನೋಡಬೇಕು. ಜೊತೆಗೆ ತೂಕದ ದಾಖಲೆಯನ್ನೂ ಕೇಳಬೇಕು. ಇದನ್ನು ಕೇಳುವವರು ಕಡಿಮೆ, ಆದರೆ ಹೆಚ್ಚು ಹೇಳುವುದು ಇದೇ. ಪಿಕಪ್ ಆದ ಮೇಲೆ ಕೊರಿಯರ್ ಕೇಂದ್ರದಲ್ಲಿ 4 ಕಿಲೋ ಇದ್ದದ್ದು ಕೊನೆಯ ಕೇಂದ್ರದಲ್ಲಿ ಅರ್ಧ ಕಿಲೋ ಆಗಿದ್ದರೆ ಮಿಕ್ಸರ್ ದಾರಿಯಲ್ಲೇ ಹೋಗಿದೆ. ತೂಕವೂ ವಿಳಾಸವೂ ಸರಿಯಿದ್ದು ಗೋದಾಮಿನ ಮೊಹರು ಬಿದ್ದಿದ್ದರೆ ಹುಡುಕಬೇಕಾದದ್ದು ಗೋದಾಮಿನೊಳಗೆ.

ಪಿಕಪ್‌ಗೆ ಜನ ಕಳಿಸಿದವರು ಯಾರು ಎಂಬುದು ಇಲ್ಲಿ ಬಹಳ ಮುಖ್ಯ. ಮಾರಾಟಗಾರರೋ ಜಾಲತಾಣವೋ ಗೊತ್ತುಮಾಡಿದ ಕೊರಿಯರ್ ಆಗಿದ್ದರೆ, ಗ್ರಾಹಕಿ ವಸ್ತುವನ್ನು ಒಪ್ಪಿಸಿರುವುದು ಅವರ ಕಡೆಯವರಿಗೇ. ಮುಂದಿನ ನಷ್ಟವನ್ನು ಅವರು ಕೊರಿಯರ್ ಜೊತೆ ಬಗೆಹರಿಸಿಕೊಳ್ಳಬೇಕು. 'ನೀವೇ ಕೊರಿಯರ್‌ನವರನ್ನು ಕೇಳಿ' ಎಂದು ಗ್ರಾಹಕಿಯನ್ನು ಅಲೆಸುವುದು ನ್ಯಾಯವಲ್ಲ. ಆದ್ದರಿಂದ ಪಿಕಪ್ ರಸೀದಿ, ಎಡಬ್ಲ್ಯೂಬಿ ಸಂಖ್ಯೆ, ಪ್ಯಾಕ್ ಮಾಡುವಾಗ ತೆಗೆದ ಫೋಟೊ ಕೈಯಲ್ಲಿರಬೇಕು. ಗ್ರಾಹಕರು ತಾವೇ ಹಣ ಕೊಟ್ಟು ಕಳಿಸಿದ್ದರೆ ಈ ವಾದ ಇಷ್ಟು ಗಟ್ಟಿಯಾಗಿ ನಿಲ್ಲುವುದಿಲ್ಲ. ಆಗ ಕಳಿಸಿದವರಾಗಿ ಪಿಒಡಿಯನ್ನು ಅವರೇ ಕೊರಿಯರ್‌ನಿಂದ ಪಡೆಯಬೇಕು.

ದೂರನ್ನು ಫೋನಿನಲ್ಲಿ ಹೇಳಿ ಬಿಡದೆ, ದಾಖಲೆಗಳ ಸಮೇತ ಬರಹದಲ್ಲಿ ಜಾಲತಾಣದ ಕುಂದುಕೊರತೆ ಅಧಿಕಾರಿಗೆ ಕಳಿಸಬೇಕು. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಅವರು 48 ಗಂಟೆಯೊಳಗೆ ದೂರು ಬಂದಿರುವುದನ್ನು ತಿಳಿಸಿ, ಒಂದು ತಿಂಗಳಲ್ಲಿ ಪರಿಹರಿಸಬೇಕು. ಪ್ರಯೋಜನವಾಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಆದರೆ ಅದು ರಾಜಿಗೆ ಯತ್ನಿಸಬಲ್ಲದೇ ಹೊರತು ತೀರ್ಪು ಕೊಡದು. ತೀರ್ಪು ಬೇಕಾದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬೇಕು. ಗೋದಾಮು ಭಿವಂಡಿಯಲ್ಲಿದ್ದರೂ ದಾವಣಗೆರೆಯಲ್ಲೇ ದೂರು ಕೊಡಬಹುದು. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ಸಲ್ಲಿಸಿದರಾಯಿತು.