ಹನ್ನೆರಡು ವಾರವೋ, ಇಪ್ಪತ್ತಾರೋ?
ಕಂಪನಿಯ ಕಡತ ಓದಿ ಉತ್ತರಿಸುವ ಯಂತ್ರವನ್ನು ಕಟ್ಟುವುದು ಹೇಗೆ? ಎಂಜಿನಿಯರ್‌ಗಳ ಸಂದರ್ಶನದ ಒಂದು ಪ್ರಶ್ನೆಯ ಒಳಹೊರಗು

ಕಂಪನಿಯೊಂದರಲ್ಲಿ ಉದ್ಯೋಗಿಗಳ ಪ್ರಶ್ನೆಗೆ ಉತ್ತರಿಸುವ ಚಾಟ್‌ಬಾಟ್ ಇದೆ ಎಂದುಕೊಳ್ಳಿ. ಮೊದಲ ಮಗುವಿನ ನಿರೀಕ್ಷೆಯಲ್ಲಿರುವ ಉದ್ಯೋಗಿಯೊಬ್ಬರು ಕೇಳುತ್ತಾರೆ: ‘ನನಗೆ ಹೆರಿಗೆ ರಜೆ ಎಷ್ಟು ವಾರ?’ ಉತ್ತರ ಬರುತ್ತದೆ: 12 ವಾರ. ಇದು ತಪ್ಪು. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಬಂದ ತಿದ್ದುಪಡಿ ಈ ರಜೆಯನ್ನು 12 ವಾರದಿಂದ 26 ವಾರಕ್ಕೆ ಏರಿಸಿತು. ಕಂಪನಿಯ ನಿಯಮಾವಳಿಯಲ್ಲೂ 26 ಎಂದೇ ಇದೆ. ಆದರೂ ಯಂತ್ರ 12 ಎಂದಿತೇಕೆ?

ಮಷೀನ್ ಲರ್ನಿಂಗ್ ಎಂಜಿನಿಯರ್ ಹುದ್ದೆಗೆ ನಡೆಯುವ ಸಂದರ್ಶನಗಳಲ್ಲಿ ‘ಸಿಸ್ಟಮ್ ಡಿಸೈನ್’ ಎಂಬ ಸುತ್ತು ಇರುತ್ತದೆ. ಅಲ್ಲಿ ಕೋಡ್ ಬರೆಸುವುದಿಲ್ಲ. ಮುಕ್ಕಾಲು ಗಂಟೆ, ಒಂದು ಗಂಟೆ ಕೊಟ್ಟು, ಇಡೀ ವ್ಯವಸ್ಥೆಯನ್ನು ಹೇಗೆ ಕಟ್ಟುತ್ತೀರಿ ಎಂದು ಬೋರ್ಡಿನ ಮೇಲೆ ಬಿಡಿಸಿ ಹೇಳಲು ಕೇಳುತ್ತಾರೆ. ‘ಕಂಪನಿಯ ದಾಖಲೆಗಳನ್ನು ಆಧರಿಸಿ ಉತ್ತರಿಸುವ ವ್ಯವಸ್ಥೆ ಕಟ್ಟಿ’ ಎಂಬುದು ಅಲ್ಲಿ ಬರುವ ಪ್ರಶ್ನೆಗಳಲ್ಲೊಂದು. ಇದಕ್ಕೆ ಬಳಸುವ ವಿಧಾನದ ಹೆಸರು ರ‍್ಯಾಗ್. ಪ್ಯಾಟ್ರಿಕ್ ಲೂಯಿಸ್ ಮತ್ತು ಸಂಗಡಿಗರು 2020ರ ಪ್ರಬಂಧದಲ್ಲಿ ಈ ಹೆಸರಿಟ್ಟರು. ಭಾಷಾ ಮಾದರಿ ತನ್ನ ನೆನಪಿನಿಂದಷ್ಟೇ ಉತ್ತರಿಸದೆ, ಮೊದಲು ದಾಖಲೆಗಳಲ್ಲಿ ಹುಡುಕಿ, ಸಿಕ್ಕಿದ್ದನ್ನು ಓದಿ ಉತ್ತರಿಸಬೇಕು ಎಂಬುದು ಇದರ ತಿರುಳು.

ಕೆಲಸ ಎರಡು ಹಂತಗಳಲ್ಲಿ ನಡೆಯುತ್ತದೆ. ಮೊದಲನೆಯದು ಸಿದ್ಧತೆ. ದಾಖಲೆಗಳನ್ನೆಲ್ಲ ಕೆಲವು ನೂರು ಪದಗಳ ತುಣುಕುಗಳಾಗಿ ಕತ್ತರಿಸುತ್ತಾರೆ. ಪ್ರತಿ ತುಣುಕಿನ ಅರ್ಥವನ್ನು ಸಂಖ್ಯೆಗಳ ಸಾಲಾಗಿ, ಅಂದರೆ ವೆಕ್ಟರ್ ಆಗಿ ಬದಲಿಸಿ ಜೋಡಿಸಿಡುತ್ತಾರೆ. ಎರಡನೆಯದು ಉತ್ತರ. ಪ್ರಶ್ನೆ ಬಂದಾಗ ಅದನ್ನೂ ವೆಕ್ಟರ್ ಮಾಡಿ, ಅದಕ್ಕೆ ಹತ್ತಿರವಿರುವ ಐದಾರು ತುಣುಕುಗಳನ್ನು ಹೆಕ್ಕಿ ಮಾದರಿಯ ಮುಂದಿಡುತ್ತಾರೆ. ಮಾದರಿ ಅವುಗಳನ್ನು ಓದಿ, ಯಾವ ದಾಖಲೆಯ ಯಾವ ಭಾಗದಿಂದ ಎಂಬ ಉಲ್ಲೇಖದೊಡನೆ ಉತ್ತರ ಬರೆಯುತ್ತದೆ.

ಇಲ್ಲಿ ಮೊದಲು ಮಾಡಬೇಕಾದದ್ದು ಒಂದು ಸಣ್ಣ ಲೆಕ್ಕ. 50 ಸಾವಿರ ದಾಖಲೆಗಳಿವೆ, ಪ್ರತಿಯೊಂದರಿಂದ ಸರಾಸರಿ 10 ತುಣುಕು ಎಂದರೆ 5 ಲಕ್ಷ ತುಣುಕು. ಒಂದು ವೆಕ್ಟರಿನಲ್ಲಿ 768 ಸಂಖ್ಯೆಗಳು, ಒಂದೊಂದಕ್ಕೆ 4 ಬೈಟ್ ಹಿಡಿದರೆ ತುಣುಕಿಗೆ ಸುಮಾರು 3 ಕಿಲೋಬೈಟ್. ಒಟ್ಟು ಒಂದೂವರೆ ಗಿಗಾಬೈಟ್. ಇದು ಒಂದೇ ಸಾಮಾನ್ಯ ಸರ್ವರಿನ ಮೆಮೊರಿಯಲ್ಲಿ ಕೂರುತ್ತದೆ. ಈ ಲೆಕ್ಕ ಮಾಡದವರು ಹತ್ತಾರು ಯಂತ್ರಗಳಿಗೆ ಹಂಚಿದ ಡೇಟಾಬೇಸಿನ ಚಿತ್ರ ಬರೆಯುತ್ತಾ ಅರ್ಧ ಸಮಯ ಕಳೆಯುತ್ತಾರೆ. ನಿಜವಾದ ತೊಡಕು ಗಾತ್ರದಲ್ಲಿಲ್ಲ, ಸರಿಯಾದ ತುಣುಕನ್ನು ಹೆಕ್ಕುವುದರಲ್ಲಿದೆ.

ಈಗ ಆ 12 ವಾರಕ್ಕೆ ಮರಳೋಣ. ಅದಕ್ಕೆ ಕನಿಷ್ಠ ಎರಡು ಬೇರೆಬೇರೆ ಕಾರಣಗಳಿರಬಹುದು.

ಮೊದಲನೆಯದು, ಹಳೆಯ ನಿಯಮಾವಳಿ ಇನ್ನೂ ಕಡತದಲ್ಲೇ ಇರುವುದು. 2015ರ ಪ್ರತಿ ಮತ್ತು 2017ರ ನಂತರದ ಪ್ರತಿ ಎರಡರಲ್ಲೂ ವಾಕ್ಯಗಳು ಹೆಚ್ಚುಕಡಿಮೆ ಒಂದೇ, ಸಂಖ್ಯೆ ಮಾತ್ರ ಬೇರೆ. ಆದ್ದರಿಂದ ಅವುಗಳ ವೆಕ್ಟರುಗಳೂ ಅಕ್ಕಪಕ್ಕದಲ್ಲೇ ಇರುತ್ತವೆ. ಯಾವುದು ಜಾರಿಯಲ್ಲಿದೆ ಎಂಬುದು ವೆಕ್ಟರಿಗೆ ತಿಳಿಯದು. ಪರಿಹಾರ ಮಾದರಿಯಲ್ಲಿಲ್ಲ, ಸಿದ್ಧತೆಯ ಹಂತದಲ್ಲಿದೆ. ಪ್ರತಿ ತುಣುಕಿನ ಜೊತೆ ಜಾರಿಯಾದ ದಿನಾಂಕ ಮತ್ತು ಸ್ಥಿತಿಯನ್ನು ದಾಖಲಿಸಬೇಕು. ಹೊಸ ಪ್ರತಿ ಬಂದೊಡನೆ ಹಳೆಯದಕ್ಕೆ ‘ರದ್ದು’ ಎಂಬ ಗುರುತು ಬೀಳಬೇಕು, ಹುಡುಕಾಟ ಜಾರಿಯಲ್ಲಿರುವುದನ್ನು ಮಾತ್ರ ನೋಡಬೇಕು.

ಎರಡನೆಯ ಕಾರಣ ಇನ್ನೂ ಸೂಕ್ಷ್ಮ. 2017ರ ತಿದ್ದುಪಡಿಯಲ್ಲೂ 12 ವಾರ ಇದೆ: ಈಗಾಗಲೇ ಇಬ್ಬರು ಅಥವಾ ಹೆಚ್ಚು ಮಕ್ಕಳಿರುವ ತಾಯಿಗೆ ಸಿಗುವ ರಜೆ ಅಷ್ಟೇ. ದಾಖಲೆಯನ್ನು ಕಣ್ಣುಮುಚ್ಚಿ 300 ಪದಗಳಿಗೊಮ್ಮೆ ಕತ್ತರಿಸಿದರೆ ಆ ಷರತ್ತು ಒಂದು ತುಣುಕಿನ ಕೊನೆಗೂ, ‘ರಜೆಯ ಅವಧಿ 12 ವಾರ’ ಎಂಬ ಮಾತು ಮುಂದಿನ ತುಣುಕಿನ ಮೊದಲಿಗೂ ಹೋಗಬಹುದು. ಷರತ್ತು ಕಳಚಿದ ಸಂಖ್ಯೆಯನ್ನು ಓದಿದ ಮಾದರಿ ಅದನ್ನೇ ಎಲ್ಲರಿಗೂ ಅನ್ವಯಿಸುತ್ತದೆ. ಆದ್ದರಿಂದ ಕತ್ತರಿಸುವಾಗ ಶೀರ್ಷಿಕೆ, ಕಲಮುಗಳ ಗಡಿಯನ್ನು ಅನುಸರಿಸಬೇಕು. ಪ್ರತಿ ತುಣುಕಿನ ತಲೆಯ ಮೇಲೆ ದಾಖಲೆಯ ಹೆಸರು, ಅಧ್ಯಾಯದ ಹೆಸರು ಇರಬೇಕು. ಹುಡುಕಾಟಕ್ಕೆ ಸಣ್ಣ ತುಣುಕು ಸಾಕು. ಓದಲು ಕೊಡುವಾಗ ಮಾತ್ರ ಅದು ಸೇರಿದ ಪೂರ್ತಿ ಕಲಮನ್ನು ಕೊಡುವುದು ಒಳ್ಳೆಯದು.

ಉತ್ತರ ಒಂದೇ, ಕಾರಣ ಎರಡು. ಯಾವುದೆಂದು ತಿಳಿಯಲು ಪ್ರತಿ ಉತ್ತರದ ಜೊತೆ ಅಂದು ಹೆಕ್ಕಿದ ತುಣುಕುಗಳನ್ನೂ ಉಳಿಸಿಟ್ಟಿರಬೇಕು. ಅದನ್ನು ತೆರೆದು ನೋಡಿದರೆ 2015ರ ಕಡತವೋ, ಷರತ್ತಿಲ್ಲದ ತುಣುಕೋ ಕಣ್ಣಿಗೆ ಬೀಳುತ್ತದೆ. ಎರಡೂ ಅಲ್ಲದೆ ಸರಿಯಾದ ಕಲಮೇ ಅಲ್ಲಿದ್ದರೆ ಆಗ ಮಾತ್ರ ತಪ್ಪು ಮಾದರಿಯದು.

ವೆಕ್ಟರ್ ಹುಡುಕಾಟಕ್ಕೆ ಇನ್ನೊಂದು ಮಿತಿಯಿದೆ. ‘ಪ್ರಸೂತಿ ರಜೆ’ ಎಂದು ಕೇಳಿದರೂ ಅದು ‘ಹೆರಿಗೆ ರಜೆ’ಯನ್ನು ಹುಡುಕಿಕೊಡುತ್ತದೆ. ಆದರೆ ‘ಫಾರಂ 117’ ಎಂದರೆ ಅದಕ್ಕೆ 117, 171 ಎರಡೂ ಒಂದೇ ಬಗೆಯವಾಗಿ ಕಾಣಬಹುದು. ಪದವನ್ನು ಇದ್ದಂತೆಯೇ ಹುಡುಕುವ ಬಿಎಂ25 ಎಂಬ ಹಳೆಯ ವಿಧಾನ ಇಲ್ಲಿ ನೆರವಾಗುತ್ತದೆ. ಎರಡನ್ನೂ ನಡೆಸಿ, ಎರಡು ಪಟ್ಟಿಗಳಲ್ಲೂ ಮೇಲಿರುವ ತುಣುಕುಗಳಿಗೆ ಆದ್ಯತೆ ಕೊಡುವುದು ರೂಢಿ.

ಕಂಪನಿಯ ದಾಖಲೆ ಎಂದ ಮೇಲೆ ಎಲ್ಲವೂ ಎಲ್ಲರಿಗಲ್ಲ. ಸಂಬಳದ ಪಟ್ಟಿಯನ್ನು ನೋಡುವ ಅನುಮತಿ ಇಲ್ಲದವರಿಗೆ ಅದರ ತುಣುಕು ಮಾದರಿಯ ಕೈಗೂ ಸಿಗಬಾರದು. ‘ಹೇಳಬೇಡ’ ಎಂದು ಮಾದರಿಗೆ ಸೂಚನೆ ಕೊಡುವುದು ಭದ್ರತೆಯಲ್ಲ, ಅದು ಓದಿದ್ದನ್ನು ಬಾಯಿಬಿಡಿಸುವ ದಾರಿಗಳಿವೆ. ಹತ್ತು ತುಣುಕು ಹೆಕ್ಕಿದ ಮೇಲೆ ಅನುಮತಿ ಇಲ್ಲದವನ್ನು ತೆಗೆದರೂ ತೊಂದರೆಯೇ: ಹತ್ತೂ ಹೋಗಿ ಕೈ ಖಾಲಿಯಾಗಬಹುದು, ನೋಡಬಹುದಾದ ಹನ್ನೊಂದನೆಯ ತುಣುಕಿನಲ್ಲಿ ಉತ್ತರವಿದ್ದರೂ ಅದು ಸಿಗದೆ ಹೋಗಬಹುದು. ಆದ್ದರಿಂದ ಕೇಳಿದವರು ಯಾರು, ಅವರಿಗೆ ಏನು ನೋಡುವ ಹಕ್ಕಿದೆ ಎಂಬ ಸೋಸುವಿಕೆ ಹುಡುಕಾಟದ ಒಳಗೇ ನಡೆಯಬೇಕು.

ಇಷ್ಟೆಲ್ಲ ಕಟ್ಟಿದ ಮೇಲೆ ಅದು ಸರಿಯಿದೆ ಎಂದು ತಿಳಿಯುವುದು ಹೇಗೆ? ಉದ್ಯೋಗಿಗಳು ನಿಜವಾಗಿ ಕೇಳಿದ 150 ಪ್ರಶ್ನೆಗಳನ್ನು ಆಯ್ದು, ಪ್ರತಿಯೊಂದಕ್ಕೂ ಉತ್ತರವಿರುವ ಕಲಮನ್ನು ವಿಷಯ ಬಲ್ಲವರಿಂದ ಗುರುತು ಹಾಕಿಸಿದೆವು ಎನ್ನಿ. ಮೊದಲ ಐದು ತುಣುಕುಗಳಲ್ಲಿ ಆ ಕಲಮು ಸಿಕ್ಕಿದ್ದು 120 ಪ್ರಶ್ನೆಗಳಿಗೆ, ಅವುಗಳಲ್ಲಿ ಮಾದರಿ ಸರಿಯಾಗಿ ಉತ್ತರಿಸಿದ್ದು 108ಕ್ಕೆ. ಅಂದರೆ 30 ತಪ್ಪುಗಳು ಹುಡುಕಾಟದವು, 12 ಮಾತ್ರ ಮಾದರಿಯವು. ಇನ್ನೂ ದೊಡ್ಡ, ಇನ್ನೂ ದುಬಾರಿ ಮಾದರಿ ತಂದರೆ ಸರಿಹೋಗಬಹುದಾದದ್ದು ಹೆಚ್ಚೆಂದರೆ ಆ 12. ಇದಲ್ಲದೆ, ದಾಖಲೆಗಳಲ್ಲಿ ಉತ್ತರವೇ ಇಲ್ಲದ ಕೆಲವು ಪ್ರಶ್ನೆಗಳನ್ನೂ ಬೇರೆಯಾಗಿ ಕೇಳಿ ನೋಡಬೇಕು. ಅವಕ್ಕೆ ‘ದಾಖಲೆಗಳಲ್ಲಿ ಈ ಮಾಹಿತಿ ಸಿಗಲಿಲ್ಲ’ ಎನ್ನುವುದೇ ಸರಿಯುತ್ತರ.

ಈ ಸುತ್ತಿಗೆ ಸಿದ್ಧರಾಗುತ್ತಿರುವವರು ಮಾದರಿಗಳ ಹೆಸರುಗಳನ್ನು ಬಾಯಿಪಾಠ ಮಾಡುವ ಮೊದಲು ಒಂದು ಕೆಲಸ ಮಾಡಿ. ಸಾರ್ವಜನಿಕವಾಗಿ ಸಿಗುವ ಯಾವುದಾದರೂ ನಿಯಮಾವಳಿಯನ್ನು ತೆಗೆದುಕೊಂಡು, ಮೂವತ್ತು ಪ್ರಶ್ನೆ ಬರೆದು, ಉತ್ತರವಿರುವ ಕಲಮನ್ನು ನೀವೇ ಗುರುತಿಸಿ. ನಂತರ ನಿಮ್ಮ ಹುಡುಕಾಟಕ್ಕೆ ಅವುಗಳಲ್ಲಿ ಎಷ್ಟು ಸಿಗುತ್ತವೆ ಎಂದು ಎಣಿಸಿ. ಸಂದರ್ಶಕರು ‘ಉತ್ತರ ತಪ್ಪಾದರೆ ಏನು ಮಾಡುತ್ತೀರಿ?’ ಎಂದು ಕೇಳಿದಾಗ ನೆರವಿಗೆ ಬರುವುದು ಆ ಎಣಿಕೆಯ ಅನುಭವವೇ.