ಮಾತ್ರೆಯೂ ಬೇಕು, ನಿದ್ದೆಯ ಲೆಕ್ಕವೂ ಬೇಕು

ಬೈಪೋಲಾರ್ ಕಾಯಿಲೆಯಲ್ಲಿ ಮನೆಯವರು ಎಡವುವುದು ಕಾಯಿಲೆ ಜೋರಾಗಿರುವಾಗ ಅಲ್ಲ. ನಾಲ್ಕು ರಾತ್ರಿ ಕಣ್ಣು ಮುಚ್ಚದೆ, ಸಾಲ ಮಾಡಿ ಹಣ ಚೆಲ್ಲುತ್ತ, ತಡೆಯಲು ಹೋದವರ ಮೇಲೆ ರೇಗುತ್ತಿರುವವರನ್ನು ಹೇಗಾದರೂ ಮಾಡಿ ಆಸ್ಪತ್ರೆಗೆ ಕರೆದೊಯ್ಯುತ್ತಾರೆ. ಅದನ್ನು ಯಾರೂ ಹೇಳಿಕೊಡಬೇಕಿಲ್ಲ. ಎಡವುವುದು ಆಮೇಲೆ, ವರ್ಷವೋ ಎರಡು ವರ್ಷವೋ ಎಲ್ಲ ಸುಸೂತ್ರವಾಗಿ ನಡೆದ ಮೇಲೆ. ‘ಈಗ ಚೆನ್ನಾಗೇ ಇದ್ದಾರಲ್ಲ, ಇನ್ನೂ ಎಷ್ಟು ದಿನ ಈ ಮಾತ್ರೆ?’ ಎಂಬ ಮಾತು ಮನೆಯಲ್ಲೇ ಹುಟ್ಟುತ್ತದೆ, ನೆಂಟರು ಅದಕ್ಕೆ ತಲೆಯಾಡಿಸುತ್ತಾರೆ. ಈ ಕಾಯಿಲೆಯ ಸ್ವಭಾವವೇ ಹಾಗೆ ನಂಬಿಸುವಂಥದ್ದು. ಮೇನಿಯಾ ಬಂದಾಗ ಉತ್ಸಾಹ ಹದ್ದು ಮೀರುತ್ತದೆ, ಖಿನ್ನತೆ ಬಂದಾಗ ಹಾಸಿಗೆ ಬಿಟ್ಟು ಏಳಲಾಗುವುದಿಲ್ಲ, ಇವೆರಡರ ನಡುವೆ ತಿಂಗಳುಗಟ್ಟಲೆ ಮನುಷ್ಯ ಮೊದಲಿನಂತೆಯೇ ಇರುತ್ತಾನೆ. ಆ ನಡುವಿನ ಕಾಲದಲ್ಲಿ ಕಾಯಿಲೆ ಹೊರಗೆ ಕಾಣದಿದ್ದರೂ ಮರಳುವ ಸಾಧ್ಯತೆ ಹಾಗೇ ಉಳಿದಿರುತ್ತದೆ. ಆದ್ದರಿಂದ ಚೆನ್ನಾಗಿರುವ ದಿನಗಳಲ್ಲೇ ಮಾತ್ರೆ ಮುಂದುವರಿಯಬೇಕು ಮತ್ತು ಮರುಕಳಿಕೆಯ ಮುನ್ಸೂಚನೆಗಳನ್ನು ಗುರುತು ಹಾಕಿಕೊಳ್ಳಬೇಕು. ಒಂದನ್ನು ಮಾಡಿ ಇನ್ನೊಂದನ್ನು ಬಿಟ್ಟರೆ ಕೆಲಸ ಅರ್ಧವಾಗುತ್ತದೆ.

ಮಾತ್ರೆಯ ಮಾತಿಗೆ ಹಳೆಯದಾದರೂ ಗಟ್ಟಿಯಾದ ಪುರಾವೆ ಇದೆ. 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಎಂಬ ವೈದ್ಯರು ಲಿಥಿಯಂ ಲವಣದಿಂದ ಮೇನಿಯಾ ಇಳಿಯುತ್ತದೆಂದು ವರದಿ ಮಾಡಿದರು. ಇಳಿದ ಮೇಲೆ ಮತ್ತೆ ಬಾರದಂತೆಯೂ ಅದು ತಡೆಯುತ್ತದೆಯೇ ಎಂಬ ಪ್ರಶ್ನೆಯನ್ನು ಕೈಗೆತ್ತಿಕೊಂಡವರು ಡೆನ್ಮಾರ್ಕಿನ ಬಾಸ್ಟ್ರಪ್ ಮತ್ತು ಮೋಗೆನ್ಸ್ ಶೋ. ಕನಿಷ್ಠ ಒಂದು ವರ್ಷ ಲಿಥಿಯಂ ಸೇವಿಸಿದ್ದ 84 ಮಹಿಳೆಯರಲ್ಲಿ 45 ಜನರಿಗೆ ಅದನ್ನೇ ಮುಂದುವರಿಸಿ, 39 ಜನರಿಗೆ ನೋಡಲು ಅದರಂತೆಯೇ ಇರುವ, ಔಷಧವಿಲ್ಲದ ಮಾತ್ರೆ ಕೊಟ್ಟರು. 1970ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಐದು ತಿಂಗಳೊಳಗೆ ಖಾಲಿ ಮಾತ್ರೆ ನುಂಗಿದವರಲ್ಲಿ 21 ಜನರಿಗೆ ಕಾಯಿಲೆ ಮರುಕಳಿಸಿತು; ಲಿಥಿಯಂ ಮುಂದುವರಿಸಿದವರಲ್ಲಿ ಒಬ್ಬರಿಗೂ ಇಲ್ಲ. ‘ಚೆನ್ನಾಗಿದ್ದೇನೆ, ಹಾಗಾಗಿ ಮಾತ್ರೆ ಬೇಡ’ ಎನ್ನುವವರಿಗೆ ಇದಕ್ಕಿಂತ ನೇರವಾದ ಉತ್ತರ ನನಗೆ ಗೊತ್ತಿಲ್ಲ. ಆದರೆ ಇದೇ ಪೂರ್ತಿ ಚಿತ್ರವಲ್ಲ. 2010ರಲ್ಲಿ ಪ್ರಕಟವಾದ, 330 ಜನರ ಬ್ಯಾಲೆನ್ಸ್ ಎಂಬ ಅಧ್ಯಯನದಲ್ಲಿ ಲಿಥಿಯಂ ಒಂದನ್ನೇ ತೆಗೆದುಕೊಂಡವರಲ್ಲೂ ಎರಡು ವರ್ಷಗಳೊಳಗೆ 59 ಶೇಕಡಾ ಜನರಿಗೆ ಮತ್ತೊಂದು ಸಲ ಚಿಕಿತ್ಸೆ ಬೇಕಾಯಿತು; ವಾಲ್‌ಪ್ರೊಯೇಟ್ ಒಂದನ್ನೇ ತೆಗೆದುಕೊಂಡವರಲ್ಲಿ ಆ ಪ್ರಮಾಣ 69 ಶೇಕಡಾ. ಮಾತ್ರೆ ಮರುಕಳಿಕೆಯನ್ನು ಕಡಿಮೆ ಮಾಡುತ್ತದೆ, ಮುಂದೂಡುತ್ತದೆ; ಬಾಗಿಲನ್ನೇ ಮುಚ್ಚುವುದಿಲ್ಲ. ಮನೆಯವರ ಕಣ್ಣಿಗೆ ಕೆಲಸ ಬರುವುದು ಈ ಉಳಿದ ಸಂದಿನಲ್ಲಿ.

‘ವರ್ಷಗಟ್ಟಲೆ ನುಂಗಿದರೆ ಕಿಡ್ನಿ ಹೋಗುತ್ತದೆ’ ಎಂಬ ಭಯವನ್ನು ತಳ್ಳಿಹಾಕುವಂತಿಲ್ಲ. ದೀರ್ಘಕಾಲದ ಲಿಥಿಯಂ ಕೆಲವರಲ್ಲಿ ಮೂತ್ರಪಿಂಡದ ಕೆಲಸವನ್ನು ಕುಗ್ಗಿಸುತ್ತದೆ, ಥೈರಾಯ್ಡನ್ನು ನಿಧಾನ ಮಾಡುತ್ತದೆ. ರಕ್ತಪರೀಕ್ಷೆ ಇರುವುದು ಅದಕ್ಕೇ. ಮೊದಲ ವರ್ಷ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ರಕ್ತದಲ್ಲಿನ ಲಿಥಿಯಂ ಪ್ರಮಾಣ ನೋಡುತ್ತಾರೆ, ಆರು ತಿಂಗಳಿಗೊಮ್ಮೆ ಕ್ರಿಯಾಟಿನಿನ್ ಮತ್ತು ಥೈರಾಯ್ಡ್. ಪ್ರಮಾಣ ಲೀಟರಿಗೆ 0.6ರಿಂದ 0.8 ಮಿಲಿಮೋಲ್ ಇರಬೇಕೆಂಬುದು ಬಹುತೇಕರ ಗುರಿ, 1.5 ದಾಟಿದರೆ ಅದು ವಿಷವಾಗತೊಡಗುತ್ತದೆ. ಕೊನೆಯ ಮಾತ್ರೆ ನುಂಗಿ ಹನ್ನೆರಡು ಗಂಟೆಯಾದ ಮೇಲೆ ರಕ್ತ ಕೊಟ್ಟರೆ ಮಾತ್ರ ಈ ಅಂಕಿಗೆ ಅರ್ಥ. ರಾತ್ರಿ ಒಂಬತ್ತಕ್ಕೆ ನುಂಗಿದ್ದರೆ ಬೆಳಿಗ್ಗೆ ಒಂಬತ್ತಕ್ಕೆ ರಕ್ತ ಕೊಡಬೇಕು, ಬೆಳಗಿನ ಮಾತ್ರೆ ಇದ್ದರೆ ಆಮೇಲೆ ನುಂಗಬೇಕು. ಅದನ್ನು ನುಂಗಿಕೊಂಡೇ ಲ್ಯಾಬಿಗೆ ಹೋದರೆ ಅಂಕಿ ಸುಳ್ಳುಸುಳ್ಳೇ ಏರಿ, ಬೇಡದೆ ಡೋಸ್ ಇಳಿಸುವಂತಾಗಬಹುದು. ಲಿಥಿಯಂ ಕೂಡ ಒಂದು ಲವಣ; ದೇಹದಲ್ಲಿ ನೀರು, ಉಪ್ಪು ಕಡಿಮೆಯಾದಾಗ ಮೂತ್ರಪಿಂಡ ಅದನ್ನು ಹೊರಹಾಕದೆ ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ವಾಂತಿಭೇದಿ, ಬೇಸಿಗೆಯ ಬೆವರು, ನೀರೂ ಮುಟ್ಟದ ಉಪವಾಸ, ಬಿಪಿಗೆಂದು ಏಕಾಏಕಿ ಉಪ್ಪು ಬಿಡುವುದು, ಇವೆಲ್ಲ ವೈದ್ಯರಿಗೆ ಮೊದಲೇ ತಿಳಿಸಬೇಕಾದ ಸಂಗತಿಗಳು. ಮೈಕೈ ನೋವಿಗೆ ಮೆಡಿಕಲ್ ಶಾಪಿನಿಂದ ತರುವ ಐಬುಪ್ರೊಫೆನ್, ಡೈಕ್ಲೊಫೆನ್ಯಾಕ್‌ಗಳೂ ಪ್ರಮಾಣವನ್ನು ಏರಿಸುತ್ತವೆ. ಪ್ಯಾರಸಿಟಮಾಲ್‌ಗೆ ಈ ತೊಂದರೆ ಇಲ್ಲ. ಕೈ ನಡುಕ ಜೋರಾಗಿ, ನಾಲಿಗೆ ತೊದಲಿ, ನಡಿಗೆ ತೂರಾಡಿ, ಜೊತೆಗೆ ವಾಂತಿಯೂ ಆದರೆ ಮುಂದಿನ ಮಾತ್ರೆ ಕೊಡದೆ ಅಂದೇ ಆಸ್ಪತ್ರೆಗೆ ಹೋಗಬೇಕು.

ಮಾತ್ರೆ ಬಿಡಲೇಬೇಕಾದ ಸಂದರ್ಭಗಳೂ ಬರುತ್ತವೆ. ವಾಲ್‌ಪ್ರೊಯೇಟ್ ಗರ್ಭದ ಶಿಶುವಿಗೆ ತೀವ್ರ ಹಾನಿ ಮಾಡಬಲ್ಲದು. ಮಗು ಬೇಕೆನ್ನುವ ಮಹಿಳೆ ಗರ್ಭ ಧರಿಸುವ ಮುಂಚೆಯೇ ವೈದ್ಯರೊಡನೆ ಔಷಧ ಬದಲಿಸುವ ಮಾತಾಡಬೇಕು, ಮದುವೆಯ ಮಾತುಕತೆ ನಡೆಯುವಾಗಲೇ ಆದರೆ ಇನ್ನೂ ಒಳ್ಳೆಯದು. ಆದರೆ ತಾವಾಗಿ ಥಟ್ಟನೆ ನಿಲ್ಲಿಸುವುದು ಬೇರೆ ವಿಷಯ. ಲಿಥಿಯಂ ಒಮ್ಮೆಲೇ ನಿಲ್ಲಿಸಿದವರಲ್ಲಿ ಮರುಕಳಿಕೆ, ಅದರಲ್ಲೂ ಮೇನಿಯಾ, ಮೊದಲ ಕೆಲವು ತಿಂಗಳಲ್ಲೇ ದಟ್ಟವಾಗಿ ಬರುತ್ತದೆ. ನಿಧಾನವಾಗಿ ಇಳಿಸಿದವರಲ್ಲಿ ಅಷ್ಟಿಲ್ಲ. ಇದನ್ನು ಕಂಡು ‘ನೋಡಿ, ಮಾತ್ರೆ ಚಟ ಹಿಡಿಸಿದೆ’ ಎನ್ನುವವರಿದ್ದಾರೆ. ಚಟವಾದರೆ ದಿನೇದಿನೇ ಹೆಚ್ಚು ಬೇಕೆನಿಸಬೇಕಿತ್ತು. ಇಲ್ಲಿ ಹತ್ತು ವರ್ಷವಾದರೂ ಯಾರಿಗೂ ಇನ್ನೊಂದು ಮಾತ್ರೆಯ ಆಸೆ ಹುಟ್ಟುವುದಿಲ್ಲ, ಮರೆಯುವುದೇ ಹೆಚ್ಚು.

ಇನ್ನು ಮುನ್ಸೂಚನೆಯ ಮಾತು. ಬ್ರಿಟನ್ನಿನಲ್ಲಿ ಪೆರಿ ಮತ್ತು ಸಂಗಡಿಗರು 69 ರೋಗಿಗಳ ಮೇಲೆ ನಡೆಸಿ 1999ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ನನಗೆ ಮುಖ್ಯವೆನಿಸುತ್ತದೆ. ಎಲ್ಲರಿಗೂ ಎಂದಿನ ಚಿಕಿತ್ಸೆ ಇತ್ತು; ಅರ್ಧದಷ್ಟು ಜನರಿಗೆ ಮಾತ್ರ ಏಳರಿಂದ ಹನ್ನೆರಡು ಭೇಟಿಗಳಲ್ಲಿ, ತಮ್ಮ ಮರುಕಳಿಕೆ ಹೇಗೆ ಶುರುವಾಗುತ್ತದೆಂದು ಗುರುತಿಸಿ ಕೂಡಲೇ ವೈದ್ಯರನ್ನು ಕಾಣುವುದನ್ನು ಕಲಿಸಿದರು. ಕಲಿಯದವರ ಗುಂಪಿನಲ್ಲಿ ಕಾಲುಭಾಗ ಜನರಿಗೆ ಮೇನಿಯಾ ಮರಳಲು 17 ವಾರ ಹಿಡಿಯಿತು, ಕಲಿತವರ ಗುಂಪಿನಲ್ಲಿ 65 ವಾರ. ಇದು ಸಾಧ್ಯವಾದದ್ದು ಮೇನಿಯಾ ದಿಢೀರನೆ ಎರಗುವುದು ಕಡಿಮೆಯಾದ್ದರಿಂದ. ಬಹಳ ಜನರಲ್ಲಿ ಅದಕ್ಕೆ ಎರಡು ಮೂರು ವಾರಗಳ ಪೀಠಿಕೆ ಇರುತ್ತದೆ, ಮತ್ತು ಒಬ್ಬರಲ್ಲಿ ಅದು ಪ್ರತಿ ಸಲವೂ ಹೆಚ್ಚುಕಡಿಮೆ ಒಂದೇ ಕ್ರಮದಲ್ಲಿ ನಡೆಯುತ್ತದೆ.

ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳೋಣ. ದಾವಣಗೆರೆಯಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡಿರುವ ಮೂವತ್ತನಾಲ್ಕರ ಒಬ್ಬರು ಮೇನಿಯಾದಿಂದ ಆಸ್ಪತ್ರೆ ಸೇರಿ ಗುಣವಾಗಿ ಬಂದಿದ್ದಾರೆ. ತಿಂಗಳ ನಂತರ ಅವರು, ಹೆಂಡತಿ, ಅಣ್ಣ ಕೂತು, ಆಸ್ಪತ್ರೆ ಸೇರಿದ ದಿನದಿಂದ ಹಿಂದಕ್ಕೆ ಲೆಕ್ಕ ಹಾಕುತ್ತಾರೆ. ಎರಡು ದಿನ ಮೊದಲು, ಅಂಗಡಿಯ ಮಾಲೆಲ್ಲ ಅರ್ಧ ಬೆಲೆಗೆ ಎಂದು ಬೋರ್ಡು ಹಾಕಿದ್ದರು. ಆರು ದಿನ ಮೊದಲು, ಯಾರನ್ನೂ ಕೇಳದೆ ಸೈಟಿಗೆ ಮುಂಗಡ ಕೊಟ್ಟಿದ್ದರು. ಹನ್ನೆರಡು ದಿನ ಮೊದಲು, ರಾತ್ರಿ ಒಂದು ಗಂಟೆಗೆ ಹಳೆಯ ಸಹಪಾಠಿಗಳಿಗೆಲ್ಲ ಉದ್ದುದ್ದ ವಾಯ್ಸ್ ಮೆಸೇಜು ಕಳಿಸಿದ್ದು ಫೋನಿನಲ್ಲೇ ಇದೆ. ಹದಿನೇಳು ದಿನ ಮೊದಲು, ಆರೂವರೆಗೆ ಏಳುವವರು ನಾಲ್ಕಕ್ಕೇ ಎದ್ದು ಅಂಗಡಿಯ ಕಪಾಟು ಜೋಡಿಸಲು ಹೋಗತೊಡಗಿದ್ದರು. ಹಗಲು ಒಂದು ಆಕಳಿಕೆಯೂ ಇಲ್ಲ. ‘ಅಂತೂ ಚುರುಕಾದ’ ಎಂದು ತಾಯಿ ಸಂತೋಷಪಟ್ಟಿದ್ದರು. ಅದಕ್ಕೂ ಮೂರು ದಿನ ಹಿಂದೆ ಹಬ್ಬದ ಖರೀದಿಗೆ ಸೂರತ್‌ಗೆ ಹೋಗಿ ಬರುವಾಗ ರಾತ್ರಿಗಳು ರೈಲಿನಲ್ಲಿ ಕಳೆದಿದ್ದವು, ಮಾತ್ರೆಯ ಡಬ್ಬಿ ಮನೆಯಲ್ಲೇ ಉಳಿದಿತ್ತು. ಎಲ್ಲರ ನೆನಪಿನಲ್ಲಿ ಉಳಿಯುವುದು ಸೈಟಿನ ಮುಂಗಡ. ಆದರೆ ಅಷ್ಟು ಹೊತ್ತಿಗೆ ತಡವಾಗಿರುತ್ತದೆ. ಮೇನಿಯಾ ಏರಿದಂತೆ ‘ನನಗೇನೋ ಆಗುತ್ತಿದೆ’ ಎಂಬ ಅರಿವೇ ಜಾರಿಹೋಗುತ್ತದೆ. ಹದಿನೇಳನೇ ದಿನದಲ್ಲಿ ಅವರೊಡನೆ ಮಾತಾಡಬಹುದಿತ್ತು, ಆರನೇ ದಿನದಲ್ಲಿ ಆಗುತ್ತಿರಲಿಲ್ಲ.

ಆದ್ದರಿಂದ ಬರೆದಿಟ್ಟುಕೊಳ್ಳಬೇಕಾದ ಗುರುತು ಬೇಗ ಕಾಣುವಂಥದ್ದಾಗಿರಬೇಕು, ಅಳೆಯಲು ಬರಬೇಕು. ‘ಸಿಟ್ಟು ಜಾಸ್ತಿ’ ಎಂದು ಬರೆದರೆ ಪ್ರಯೋಜನವಿಲ್ಲ, ಸಿಟ್ಟು ಎಲ್ಲರಿಗೂ ಬರುತ್ತದೆ. ‘ಸತತ ಎರಡು ರಾತ್ರಿ ಐದು ಗಂಟೆಗಿಂತ ಕಡಿಮೆ ನಿದ್ದೆ, ಆದರೂ ಆಯಾಸವಿಲ್ಲ’ ಎಂದು ಬರೆದರೆ ವಾದಕ್ಕೆ ಎಡೆ ಇರುವುದಿಲ್ಲ. ಚಿಂತೆಯಿಂದ ನಿದ್ದೆಗೆಟ್ಟವರು ಮರುದಿನ ಸೋತು ಹೋಗಿರುತ್ತಾರೆ. ಮೇನಿಯಾದ ಹೊಸ್ತಿಲಲ್ಲಿರುವವರಿಗೆ ನಿದ್ದೆ ಬೇಕೆಂದೇ ಅನಿಸುವುದಿಲ್ಲ. ಈ ಒಂದು ವ್ಯತ್ಯಾಸ ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ. ಗುರುತಿನ ಪಕ್ಕದಲ್ಲೇ ಕ್ರಮವನ್ನೂ ಬರೆಯಬೇಕು: ಮೊದಲ ರಾತ್ರಿಯಾದ ಕೂಡಲೇ ಸಂಜೆಯ ಕಾಫಿ, ಕುಡಿತ, ರಾತ್ರಿ ಕೆಲಸ, ಪ್ರಯಾಣ ಬಂದ್, ಹತ್ತಕ್ಕೆ ಫೋನ್ ಬದಿಗೆ. ಎರಡನೆಯ ರಾತ್ರಿಯೂ ಹಾಗೇ ಆದರೆ ಬೆಳಿಗ್ಗೆ ಅಣ್ಣ ವೈದ್ಯರಿಗೆ ಫೋನ್ ಮಾಡುವುದು. ವೈದ್ಯರು ರಕ್ತ ಪರೀಕ್ಷಿಸಬಹುದು, ಡೋಸ್ ಬದಲಿಸಬಹುದು, ಕೆಲವು ದಿನಗಳಿಗೆ ನಿದ್ದೆ ಕೂಡಿಸುವ ಮಾತ್ರೆ ಸೇರಿಸಬಹುದು. ಲಿಥಿಯಂ ಡೋಸನ್ನು ಮನೆಯವರು ತಾವೇ ಏರಿಸಬಾರದು. ಯುಪಿಐ ಮಿತಿ ಇಳಿಸುವುದು, ಚೆಕ್‌ಬುಕ್ ಹೆಂಡತಿಯ ಕೈಗೆ ಕೊಡುವುದು ಇತ್ಯಾದಿಯನ್ನು ಅವರೇ ಚೆನ್ನಾಗಿರುವಾಗ ಒಪ್ಪಿ ಬರೆದಿರಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಂತೆ, ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ತನ್ನ ಪರವಾಗಿ ನಿಲ್ಲುವವರು ಯಾರು ಎಂದು ವ್ಯಕ್ತಿ ಮೊದಲೇ ಬರೆದಿಡಬಹುದು.

ಹೀಗೆ ಕಾಯುತ್ತ ಕೂತರೆ ಮನೆ ಪೊಲೀಸ್ ಠಾಣೆಯಾಗುವುದಿಲ್ಲವೇ, ಜೋರಾಗಿ ನಕ್ಕರೂ ಅನುಮಾನವೇ ಎಂದು ಕಾಯಿಲೆ ಇರುವವರು ಕೇಳುತ್ತಾರೆ. ಈ ಆಕ್ಷೇಪ ನ್ಯಾಯವಾದದ್ದು. ಟೀಕೆ, ಹಂಗಿಸುವಿಕೆ ಹೆಚ್ಚಿರುವ ಮನೆಗಳಲ್ಲಿ ಮರುಕಳಿಕೆಯೂ ಹೆಚ್ಚೆಂದು ಅಧ್ಯಯನಗಳು ತೋರಿಸಿವೆ. ಪಟ್ಟಿಯನ್ನು ಅವರೇ ಬರೆದಿರಬೇಕೆನ್ನುವುದು, ಪಟ್ಟಿಯಲ್ಲಿಲ್ಲದ್ದನ್ನು ಎತ್ತಬಾರದೆನ್ನುವುದು ಇದಕ್ಕೇ. ‘ಮತ್ತೆ ಶುರುವಾಯ್ತಾ? ಮಾತ್ರೆ ನುಂಗಿದೆಯಾ ಇಲ್ವಾ?’ ಎಂದರೆ ಜಗಳ. ‘ಎರಡು ರಾತ್ರಿ ನಾಲ್ಕೇ ಗಂಟೆ ಮಲಗಿದ್ದೀರಿ, ನೀವೇ ಬರೆದ ಹಾಗೆ ಡಾಕ್ಟರಿಗೆ ಫೋನ್ ಮಾಡೋಣ’ ಎಂದರೆ ಹೆಂಡತಿ ಅವರ ಮಾತನ್ನೇ ಅವರಿಗೆ ನೆನಪಿಸಿದಂತೆ. ಹೊಸ ಸೀರೆ, ಒಂದು ದಿನದ ಹುರುಪು, ಮದುವೆ ಮನೆಯ ಗಲಾಟೆ ಇವು ಯಾವುವೂ ಕಾಯಿಲೆಯಲ್ಲ.

ಈ ವಿಧಾನದ ಮಿತಿಯೂ ಗೊತ್ತಿರಲಿ. ಪೆರಿಯವರ ಅಧ್ಯಯನದಲ್ಲಿ ಮೇನಿಯಾಕ್ಕೆ ಆದ ಲಾಭ ಖಿನ್ನತೆಗೆ ಆಗಲಿಲ್ಲ. ಅದು ಸದ್ದಿಲ್ಲದೆ ಇಳಿಯುತ್ತದೆ: ಸ್ನಾನ ಮುಂದೆ ಹೋಗುತ್ತದೆ, ಅಂಗಡಿ ಬಾಗಿಲು ತೆಗೆಯುವುದು ತಡವಾಗುತ್ತದೆ, ಫೋನ್ ಎತ್ತುವುದಿಲ್ಲ. ಸೋಮಾರಿತನವೆಂದು ಬೈಯದೆ ವಾರದೊಳಗೆ ವೈದ್ಯರಿಗೆ ತಿಳಿಸಬೇಕು. ಸಾವಿನ ಮಾತು ಬಂದರೆ ಮಾತ್ರ ಕಾದು ನೋಡುವ ಪ್ರಶ್ನೆಯೇ ಇಲ್ಲ; ಒಂಟಿಯಾಗಿ ಬಿಡದೆ, ಮಾತ್ರೆಗಳನ್ನು ಕೈಗೆ ಸಿಗದಂತೆ ಇಟ್ಟು ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ ಯಾವ ಹೊತ್ತಿನಲ್ಲೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.