ಗಡುವು ಯಾವ ದಿನ, ಬಡ್ಡಿ ಎಷ್ಟು, ತಕರಾರು ಎಲ್ಲಿಯವರೆಗೆ

‘ಖರೀದಿದಾರರು ಬಿಲ್ಲಿನಿಂದ 30 ದಿನಗಳೊಳಗೆ ಹಣ ಪಾವತಿಸತಕ್ಕದ್ದು. ತಡವಾದಲ್ಲಿ ಶೇ. 2ರಂತೆ ಬಡ್ಡಿ ಕೊಡತಕ್ಕದ್ದು. ಸರಕಿನ ಬಗ್ಗೆ ತಕರಾರಿದ್ದಲ್ಲಿ ಪರಸ್ಪರ ಮಾತುಕತೆಯಿಂದ ಬಗೆಹರಿಸಿಕೊಳ್ಳತಕ್ಕದ್ದು.’

ಸಣ್ಣ ಕಾರ್ಖಾನೆಗಳ ಮಾರಾಟ ಕರಾರುಗಳಲ್ಲಿ ಇಂಥ ಷರತ್ತು ಸಾಮಾನ್ಯ. ಓದಿದರೆ ಎಲ್ಲವೂ ಇದೆ ಅನ್ನಿಸುತ್ತದೆ. ಸಹಿ ಹಾಕುವಾಗ ಇಬ್ಬರೂ ತಲೆಯಾಡಿಸಿರುತ್ತಾರೆ, ಆದರೆ ಇಬ್ಬರ ತಲೆಯಲ್ಲೂ ಇರುವುದು ಬೇರೆ ಬೇರೆ ಅರ್ಥ. ಅದು ಗೊತ್ತಾಗುವುದು ಹಣ ಬರಬೇಕಾದ ಹೊತ್ತಿನಲ್ಲಿ.

ಲೆಕ್ಕಕ್ಕಾಗಿ ಒಂದು ವ್ಯವಹಾರವನ್ನು ಕಲ್ಪಿಸಿಕೊಳ್ಳೋಣ. ಬೆಂಗಳೂರಿನ ಪೀಣ್ಯದಲ್ಲಿರುವ ಫ್ಯಾಬ್ರಿಕೇಶನ್ ಘಟಕವೊಂದು ಹುಬ್ಬಳ್ಳಿಯ ಕಂಪನಿಗೆ 500 ಸ್ಟೀಲ್ ಬ್ರಾಕೆಟ್ ಮಾರುತ್ತದೆ. ಒಂದಕ್ಕೆ 800 ರೂಪಾಯಿಯಂತೆ 4 ಲಕ್ಷ, ಶೇ. 18ರ ಜಿಎಸ್‌ಟಿ ಸೇರಿ 4,72,000 ರೂಪಾಯಿ. ಬಿಲ್ಲಿನ ಮೇಲಿರುವ ತಾರೀಖು 2024ರ ಮೇ 31. ಲಾರಿ ಹುಬ್ಬಳ್ಳಿಯ ಗೇಟಿಗೆ ಬಂದದ್ದು ಜೂನ್ 4ಕ್ಕೆ. ಡ್ರೈವರ್ ಕೊಟ್ಟ ಬಿಲ್ಲಿನ ಪ್ರತಿ ಗೇಟಿನಲ್ಲೇ ಉಳಿಯಿತು. ಅಕೌಂಟ್ಸ್ ವಿಭಾಗಕ್ಕೆ ಬಿಲ್ ಇಮೇಲ್ ಆದದ್ದು ಜೂನ್ 7ರಂದು. ಸ್ಟೋರ್ಸಿನವರು ಎಣಿಸಿ, ಸರಕು ಬಂದಿದೆ ಎಂಬ ಚೀಟಿ ಮಾಡಿದ್ದು ಜೂನ್ 12ಕ್ಕೆ.

‘ಬಿಲ್ಲಿನಿಂದ 30 ದಿನ’ ಅಂದರೆ ಯಾವ ದಿನ? ಮಾರಿದವರು ಬಿಲ್ಲಿನ ತಾರೀಖು ಹಿಡಿದು ಜೂನ್ 30 ಎನ್ನುತ್ತಾರೆ. ಬಿಲ್ ನಮ್ಮ ಕೈಗೆ ಸಿಕ್ಕ ಮೇಲೆ ತಾನೇ ಲೆಕ್ಕ, ಜುಲೈ 7 ಎಂದು ಇನ್ನೊಬ್ಬರು ಹೇಳಬಹುದು. ಕಂಪನಿಯ ಅಕೌಂಟ್ಸಿನವರು ಸ್ಟೋರ್ಸ್ ಚೀಟಿಯಿಂದ ಎಣಿಸಿ ಜುಲೈ 12 ಎನ್ನುತ್ತಾರೆ. ಜೊತೆಗೆ, ‘ನಾವು ಹಣ ಬಿಡುವುದೇ ತಿಂಗಳ 10 ಮತ್ತು 25ಕ್ಕೆ’ ಎಂಬ ಮಾತೂ ಬರುತ್ತದೆ. ಅಲ್ಲಿಗೆ ಜುಲೈ 25. ಯಾರೂ ಸುಳ್ಳು ಹೇಳಿಲ್ಲ, ಆದರೂ ಒಂದೇ ವಾಕ್ಯ 25 ದಿನಗಳ ಅಂತರವನ್ನು ತನ್ನೊಳಗೆ ಇಟ್ಟುಕೊಂಡಿತ್ತು.

ಇದನ್ನು ಸರಿಪಡಿಸಲು ಮೊದಲು ಆರಿಸಬೇಕಾದದ್ದು ಎಣಿಕೆ ಶುರುವಾಗುವ ಘಟನೆಯನ್ನು. ದಿನಗಳ ಸಂಖ್ಯೆಗಾಗಿ ಜನ ಗಂಟೆಗಟ್ಟಲೆ ಚೌಕಾಸಿ ಮಾಡುತ್ತಾರೆ, ಶುರುವನ್ನು ಯಾರೂ ಕೇಳುವುದಿಲ್ಲ. ನನ್ನ ಮಟ್ಟಿಗೆ ಒಳ್ಳೆಯ ಶುರುವಿಗೆ ಎರಡು ಗುಣ ಬೇಕು: ಅದಕ್ಕೆ ಕಾಗದದ ಸಾಕ್ಷಿ ಇರಬೇಕು, ಮತ್ತು ಹಣ ಕೊಡಬೇಕಾದವರು ಅದನ್ನು ತಮ್ಮಷ್ಟಕ್ಕೆ ಮುಂದೂಡಲು ಆಗಬಾರದು. ಸ್ಟೋರ್ಸಿನ ಚೀಟಿ ಎರಡನೆಯ ಪರೀಕ್ಷೆಯಲ್ಲಿ ಸೋಲುತ್ತದೆ. ಬಿಲ್ಲಿನ ತಾರೀಖು ಖರೀದಿದಾರರಿಗೆ ನ್ಯಾಯವಲ್ಲ, ಸರಕು ಹೊರಡುವ ಮೊದಲೇ ಬಿಲ್ ಹರಿಯಬಹುದು. ಗೇಟಿನಲ್ಲಿ ಲಾರಿ ರಸೀದಿಯ ಮೇಲೆ ಬೀಳುವ ಸೀಲು ಮತ್ತು ಇಮೇಲ್ ಹೋದ ದಿನ, ಇವೆರಡಕ್ಕೂ ಸಾಕ್ಷಿ ಇದೆ. ಆದ್ದರಿಂದ ಹೊಸ ಷರತ್ತಿನ ಮೊದಲ ಭಾಗ ಹೀಗಿರಬಹುದು:

‘ಸರಕು ಖರೀದಿದಾರರ ಗೇಟಿಗೆ ತಲುಪಿ ಲಾರಿ ರಸೀದಿಗೆ ಸೀಲು ಬಿದ್ದ ದಿನ, ಮತ್ತು ಈ ಕರಾರಿನಲ್ಲಿ ನಮೂದಿಸಿದ ಇಮೇಲ್ ವಿಳಾಸಕ್ಕೆ ಮಾರಾಟಗಾರರು ಬಿಲ್ ಕಳಿಸಿದ ದಿನ, ಈ ಎರಡರಲ್ಲಿ ಯಾವುದು ನಂತರದ್ದೋ ಅದು ಆರಂಭದ ದಿನ. ಅದರ ಮರುದಿನವನ್ನು ಒಂದು ಎಂದು ಎಣಿಸಿ, ರಜಾದಿನಗಳನ್ನೂ ಸೇರಿಸಿ, 30ನೆಯ ದಿನವೇ ಗಡುವು. ಅದು ಭಾನುವಾರ ಅಥವಾ ಬ್ಯಾಂಕ್ ರಜೆಯಾದರೆ ಮುಂದಿನ ಬ್ಯಾಂಕ್ ಕೆಲಸದ ದಿನ ಗಡುವಾಗುತ್ತದೆ. ಹಣ ಮಾರಾಟಗಾರರ ಖಾತೆಗೆ ಜಮೆಯಾದ ದಿನವನ್ನೇ ಪಾವತಿಯ ದಿನ ಎಂದು ತಿಳಿಯತಕ್ಕದ್ದು. ಖರೀದಿದಾರರು ಹಣ ಬಿಡುವ ಆಂತರಿಕ ದಿನಗಳು ಈ ಗಡುವನ್ನು ಬದಲಿಸುವುದಿಲ್ಲ.’

ನಮ್ಮ ಲೆಕ್ಕದಲ್ಲಿ ಜೂನ್ 4 ಮತ್ತು 7ರಲ್ಲಿ ನಂತರದ್ದು 7. ಜೂನ್ 8 ಮೊದಲ ದಿನ, ಜುಲೈ 7 ಮೂವತ್ತನೆಯದು. 2024ರ ಜುಲೈ 7 ಭಾನುವಾರ, ಹಾಗಾಗಿ ಗಡುವು ಸೋಮವಾರ, ಜುಲೈ 8. (2019ರ ಡಿಸೆಂಬರ್‌ನಿಂದ ನೆಫ್ಟ್ ಭಾನುವಾರವೂ ನಡೆಯುತ್ತದೆ, ಈ ರಿಯಾಯಿತಿ ಯಾಕೆ ಎಂದು ಕೇಳಬಹುದು. ಬೇಡವಾದರೆ ತೆಗೆಯಿರಿ. ಆದರೆ ‘ರಜಾದಿನವಾದರೂ ಗಡುವು ಬದಲಾಗದು’ ಎಂದು ಬರೆದೇ ತೆಗೆಯಿರಿ.) ಜಮೆಯಾದ ದಿನದ ಮಾತೂ ಮುಖ್ಯ. ‘ಚೆಕ್ ಬರೆದು ಒಂದು ವಾರವಾಯಿತು, ಸಾಹೇಬರ ಸಹಿ ಬಾಕಿ’ ಎಂಬ ಉತ್ತರ ಕೇಳದವರು ಈ ವ್ಯವಹಾರದಲ್ಲಿ ಕಡಿಮೆ.

ಇನ್ನು ಬಡ್ಡಿ. ನಮ್ಮ ಪೇಟೆಗಳಲ್ಲಿ ‘ಎರಡು ರೂಪಾಯಿ ಬಡ್ಡಿ’ ಅಂದರೆ ನೂರಕ್ಕೆ ತಿಂಗಳಿಗೆ ಎರಡು ಎಂದೇ ಅರ್ಥ. ವಕೀಲರ ಕಾಗದದಲ್ಲಿ ‘ಶೇ. 2’ ಎಂದರೆ ವರ್ಷಕ್ಕೆ ಎಂದು ವಾದಿಸಲು ಅಡ್ಡಿಯಿಲ್ಲ. ಬಾಕಿ 4,24,800 ರೂಪಾಯಿ 45 ದಿನ ತಡವಾಯಿತು ಎಂದುಕೊಳ್ಳಿ. ವರ್ಷದ ಲೆಕ್ಕದಲ್ಲಿ ಬಡ್ಡಿ ಸುಮಾರು 1,047 ರೂಪಾಯಿ. ತಿಂಗಳ ಲೆಕ್ಕದಲ್ಲಿ, ಒಂದೂವರೆ ತಿಂಗಳಿಗೆ, 12,744. ತಿಂಗಳು ತುಂಬದಿದ್ದರೂ ಪೂರಾ ತಿಂಗಳು ಎಂದು ಹಿಡಿದರೆ 16,992. ಹದಿನಾರು ಪಟ್ಟಿನ ಈ ವ್ಯತ್ಯಾಸ ಒಂದೇ ಪದ ಬಿಟ್ಟಿದ್ದರಿಂದ ಬಂದದ್ದು. ಹೊಸ ಷರತ್ತು:

‘ಗಡುವಿನೊಳಗೆ ಜಮೆಯಾಗದ ಮೊತ್ತಕ್ಕೆ, ಜಿಎಸ್‌ಟಿ ಸೇರಿದಂತೆ, ವರ್ಷಕ್ಕೆ ಶೇ. 18ರ ಸರಳ ಬಡ್ಡಿ ಸಲ್ಲುತ್ತದೆ. ಗಡುವಿನ ಮರುದಿನದಿಂದ ಹಣ ಜಮೆಯಾದ ದಿನದವರೆಗೆ, ಆ ದಿನವೂ ಸೇರಿ, ದಿನಕ್ಕೆ ಇಷ್ಟೆಂದು 365 ದಿನಗಳ ವರ್ಷದ ಆಧಾರದಲ್ಲಿ ಲೆಕ್ಕ ಹಾಕತಕ್ಕದ್ದು. ಬಡ್ಡಿ ಕೇಳಲು ಬೇರೆ ನೋಟಿಸ್ ಬೇಕಿಲ್ಲ.’

ದರ ಎಷ್ಟಾದರೂ ಬರೆಯಬಹುದೇ ಎಂದರೆ, ಬರೆಯಬಹುದು, ಸಿಗುವುದು ಅನುಮಾನ. ಭಾರತೀಯ ಕರಾರು ಕಾಯ್ದೆಯ 74ನೆಯ ಕಲಮಿನ ವಿವರಣೆಯ ಪ್ರಕಾರ, ತಪ್ಪಿದ ದಿನದಿಂದ ಏರುವ ಬಡ್ಡಿಯನ್ನು ದಂಡವೆಂದು ನ್ಯಾಯಾಲಯ ಪರಿಗಣಿಸಬಹುದು. ಹಾಗಾದರೆ ಸೂಕ್ತ ಎನಿಸಿದಷ್ಟನ್ನೇ ಕೊಡಿಸುತ್ತದೆ. ಹೆದರಿಸಲೆಂದು ಶೇ. 48 ಬರೆದವರಿಗಿಂತ ಬ್ಯಾಂಕಿನ ಓವರ್‌ಡ್ರಾಫ್ಟ್ ದರಕ್ಕೆ ಹತ್ತಿರವಾಗಿ ಬರೆದವರ ನಿಲುವು ಗಟ್ಟಿ. ಇನ್ನೊಂದು ವಿಷಯ ಹಲವರಿಗೆ ಗೊತ್ತಿರುವುದಿಲ್ಲ: ತಡಪಾವತಿಯ ಬಡ್ಡಿ ಕೈಗೆ ಬಂದಾಗ ಅದಕ್ಕೂ ಜಿಎಸ್‌ಟಿ ಕಟ್ಟಬೇಕು.

ಮಾರಾಟಗಾರರು ಉದ್ಯಮ್ ನೋಂದಣಿ ಇರುವ ಅತಿಸಣ್ಣ ಅಥವಾ ಸಣ್ಣ ಉತ್ಪಾದಕರಾದರೆ ಚಿತ್ರ ಬದಲಾಗುತ್ತದೆ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ, ಕರಾರಿನಲ್ಲಿ ಏನೇ ಬರೆದಿದ್ದರೂ, ಸರಕು ಒಪ್ಪಿಕೊಂಡ ದಿನದಿಂದ 45 ದಿನಕ್ಕಿಂತ ಹೆಚ್ಚು ಗಡುವು ನಡೆಯದು. ತಡವಾದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ತಿಂಗಳಿಗೊಮ್ಮೆ ಚಕ್ರಬಡ್ಡಿಯಾಗಿ. 2024ರಲ್ಲಿ ಬ್ಯಾಂಕ್ ದರ ಶೇ. 6.75 ಇತ್ತು, ಮೂರು ಪಟ್ಟು ಶೇ. 20.25. ಅಂಥ ಘಟಕ ಶೇ. 18 ಎಂದಷ್ಟೇ ಬರೆದು ಬಿಟ್ಟರೆ ಖರೀದಿದಾರರು ಅದನ್ನೇ ಹಿಡಿದು ವಾದಕ್ಕೆ ನಿಲ್ಲಬಹುದು. ಕಾಯ್ದೆಯೇ ಗೆದ್ದರೂ ವಾದಕ್ಕೆ ಎಡೆ ಏಕೆ? ‘ಎಂಎಸ್‌ಎಂಇ ಕಾಯ್ದೆ ಅನ್ವಯಿಸುವಲ್ಲಿ ಅದರ ಬಡ್ಡಿಯೇ ಸಲ್ಲುತ್ತದೆ’ ಎಂದು ಒಂದು ಸಾಲು ಸೇರಿಸಿದರೆ ಸಾಕು. ಉದ್ಯಮ್ ಸಂಖ್ಯೆಯನ್ನು ಕರಾರಿನಲ್ಲೂ ಬಿಲ್ಲಿನಲ್ಲೂ ನಮೂದಿಸಿ. ನೋಂದಣಿ ಆರ್ಡರಿಗೆ ಮೊದಲೇ ಆಗಿರಲಿ. ಕೊಂಡು ಮಾರುವ ವ್ಯಾಪಾರಿಗಳಿಗೆ ಉದ್ಯಮ್ ನೋಂದಣಿ ಸಿಕ್ಕರೂ ತಡಪಾವತಿಯ ಈ ರಕ್ಷಣೆ ಇಲ್ಲ. ಅವರಿಗೆ ಕರಾರಿನ ಶೇ. 18ರ ಸಾಲೇ ಆಸರೆ.

ಹಣ ನಿಜವಾಗಿ ಸಿಕ್ಕಿಬೀಳುವುದು ಮೂರನೆಯ ಜಾಗದಲ್ಲಿ, ತಕರಾರಿನಲ್ಲಿ. ಹುಬ್ಬಳ್ಳಿಯ ಕಂಪನಿ 50 ಬ್ರಾಕೆಟ್‌ಗಳ ವೆಲ್ಡಿಂಗ್ ಸರಿಯಿಲ್ಲ ಎನ್ನುತ್ತದೆ. ಅವುಗಳ ಬೆಲೆ ತೆರಿಗೆ ಸೇರಿ 47,200. ಆದರೆ ತಡೆಹಿಡಿಯುವುದು ಪೂರಾ 4,72,000. ‘ಮಾತುಕತೆಯಿಂದ ಬಗೆಹರಿಸಿಕೊಳ್ಳತಕ್ಕದ್ದು’ ಎಂಬ ಹಳೆಯ ವಾಕ್ಯ ಇದನ್ನು ತಡೆಯುವುದಿಲ್ಲ, ಮಾತುಕತೆಗೆ ಕೊನೆಯ ದಿನವೂ ಇಲ್ಲ. ಎಂಎಸ್‌ಎಂಇ ಕಾಯ್ದೆಯಲ್ಲೂ ಇದಕ್ಕೆ ಪೂರ್ತಿ ಮದ್ದಿಲ್ಲ. ಸರಕು ತಲುಪಿದ 15 ದಿನಗಳೊಳಗೆ ಲಿಖಿತ ಆಕ್ಷೇಪ ಬಂದರೆ, ಮಾರಾಟಗಾರರು ಆಕ್ಷೇಪ ನಿವಾರಿಸಿದ ದಿನವೇ ‘ಒಪ್ಪಿಕೊಂಡ ದಿನ’ವಾಗುತ್ತದೆ. ಅಲ್ಲಿಯವರೆಗೆ 45 ದಿನದ ಗಡಿಯಾರ ನಿಂತಿದೆ ಎಂದು ಖರೀದಿದಾರರು ವಾದಿಸಬಹುದು. ಹಾಗಾಗಿ ಸರಕನ್ನು ಎರಡು ಪಾಲು ಮಾಡುವ ಮಾತು ಕರಾರಿನಲ್ಲೇ ಬರಬೇಕು:

‘ಸರಕಿನ ಸಂಖ್ಯೆ ಅಥವಾ ಗುಣಮಟ್ಟದ ಬಗ್ಗೆ ಆಕ್ಷೇಪವಿದ್ದರೆ ಖರೀದಿದಾರರು ಸರಕು ತಲುಪಿದ 15 ದಿನಗಳೊಳಗೆ ಬಿಲ್ ಸಂಖ್ಯೆ, ದೋಷವಿರುವ ನಗಗಳ ಸಂಖ್ಯೆ, ದೋಷದ ವಿವರ ಮತ್ತು ಫೋಟೋ ಸಹಿತ ಇಮೇಲ್ ಮಾಡತಕ್ಕದ್ದು. ಆಕ್ಷೇಪಿಸಿದ ನಗಗಳ ಬೆಲೆಯನ್ನು ಮಾತ್ರ ತಡೆಹಿಡಿಯಬಹುದು. ಉಳಿದ ನಗಗಳನ್ನು ಒಪ್ಪಿಕೊಂಡಂತೆ, ಅವುಗಳ ಹಣ ಮೂಲ ಗಡುವಿಗೇ ಸಲ್ಲತಕ್ಕದ್ದು. ಆಕ್ಷೇಪ ಬಂದ 7 ದಿನಗಳೊಳಗೆ ಇಬ್ಬರ ಪ್ರತಿನಿಧಿಗಳೂ ಜೊತೆಯಾಗಿ ಸರಕು ಪರಿಶೀಲಿಸತಕ್ಕದ್ದು. ಒಮ್ಮತ ಬಾರದಿದ್ದರೆ ಅನುಬಂಧದಲ್ಲಿ ಹೆಸರಿಸಿದ ಪರೀಕ್ಷಾಲಯದ ವರದಿ ದೋಷದ ಪ್ರಶ್ನೆಗೆ ಅಂತಿಮ, ವೆಚ್ಚ ಸೋತವರದು. ದೋಷವಿಲ್ಲವೆಂದು ತಿಳಿದ ನಗಗಳ ಹಣ 7 ದಿನಗಳೊಳಗೆ, ಮೂಲ ಗಡುವಿನಿಂದ ಬಡ್ಡಿ ಸಹಿತ ಸಲ್ಲತಕ್ಕದ್ದು. ದೋಷವಿರುವ ನಗಗಳಿಗೆ ಮಾರಾಟಗಾರರು ಕ್ರೆಡಿಟ್ ನೋಟ್ ಕೊಡತಕ್ಕದ್ದು.’

15ರ ಬದಲು ಐದು ದಿನ ಎಂದು ಬರೆಯಲು ಮಾರಾಟಗಾರರಿಗೆ ಆಸೆಯಾಗಬಹುದು. ಬೇಡ. ಕಾಯ್ದೆಯ 15 ದಿನದ ಜೊತೆ ಹೊಂದಿಸಿದರೆ ಎರಡು ಗಡಿಯಾರಗಳ ಜಗಳ ತಪ್ಪುತ್ತದೆ. ಜೋಡಿಸುವಾಗ ಮಾತ್ರ ಕಾಣುವ ಒಳದೋಷಗಳಿಗೆ ಪ್ರತ್ಯೇಕ ವಾರಂಟಿ ಷರತ್ತು ಇರಲಿ. ಆದರೆ ಅದನ್ನು ತೋರಿಸಿ ಈ ಬಿಲ್ಲಿನ ಹಣ ತಡೆಯುವಂತಿಲ್ಲ ಎಂದೂ ಬರೆಯಿರಿ.

ಈಗ ಲೆಕ್ಕ ಪೂರ್ತಿ ಮಾಡೋಣ. ಕಂಪನಿ ಜೂನ್ 18ರಂದು 50 ನಗಗಳ ಬಗ್ಗೆ ಇಮೇಲ್ ಮಾಡಿತು. 15ನೆಯ ದಿನ ಜೂನ್ 19, ಹಾಗಾಗಿ ಆಕ್ಷೇಪ ಸಕಾಲಕ್ಕೆ ಬಂದಿದೆ. ಉಳಿದ 450 ನಗಗಳ 4,24,800 ರೂಪಾಯಿ ಜುಲೈ 8ಕ್ಕೆ ಬರಬೇಕಿತ್ತು. ಪರಿಶೀಲನೆಯಲ್ಲಿ 30 ದೋಷ, 20 ಸರಿ ಎಂದು ಗೊತ್ತಾಯಿತು. ಕಂಪನಿ ಎಲ್ಲ ಬಾಕಿಯನ್ನೂ ಕೊಟ್ಟದ್ದು ಆಗಸ್ಟ್ 22ಕ್ಕೆ, ಅಂದರೆ 45 ದಿನ ತಡ. ಕರಾರಿನ ಶೇ. 18ರಂತೆ 450 ನಗಗಳ ಹಣಕ್ಕೆ ಬಡ್ಡಿ 9,427 ರೂಪಾಯಿ, ಸರಿಯಿದ್ದ 20 ನಗಗಳ 18,880ಕ್ಕೆ 419 ರೂಪಾಯಿ. ದೋಷದ 30 ನಗಗಳಿಗೆ 28,320ರ ಕ್ರೆಡಿಟ್ ನೋಟ್, ಅದಕ್ಕೆ ಬಡ್ಡಿಯಿಲ್ಲ. ಎರಡೂ ಕಡೆಯ ಗುಮಾಸ್ತರು ಫೋನ್ ಮಾಡದೆಯೇ ಒಂದೇ ಅಂಕಿ ತಲುಪುತ್ತಾರೆ. ಷರತ್ತು ಚೆನ್ನಾಗಿದೆಯೇ ಎಂದು ತಿಳಿಯಲು ಸಹಿಗೆ ಮೊದಲೇ ಹೀಗೊಂದು ಕಲ್ಪಿತ ಬಿಲ್ಲನ್ನು ಇಬ್ಬರಿಗೆ ಬೇರೆ ಬೇರೆ ಕೂರಿಸಿ ಲೆಕ್ಕ ಹಾಕಿಸುವುದು ಒಳ್ಳೆಯದು. ಉತ್ತರ ಎರಡು ಬಂದರೆ ವಾಕ್ಯ ತಿದ್ದಬೇಕು.

ಪರೀಕ್ಷಾಲಯದ ಮಾತಿಗೂ ಮಣಿಯದಿದ್ದರೆ ಯಾವ ಊರಿನ ನ್ಯಾಯಾಲಯ, ಅಥವಾ ಮಧ್ಯಸ್ಥಗಾರರಾದರೆ ಎಲ್ಲಿ ಕೂರುತ್ತಾರೆ ಎಂಬುದು ಒಂದೇ ಸಾಲಿನಲ್ಲಿ ಬರಬೇಕು. ಎಂಎಸ್‌ಎಂಇ ಕಾಯ್ದೆಯ ರಕ್ಷಣೆ ಇರುವವರು ಇದರ ಹೊರತಾಗಿಯೂ ಆ ಕಾಯ್ದೆಯಡಿಯ ಫೆಸಿಲಿಟೇಶನ್ ಕೌನ್ಸಿಲ್‌ಗೆ ಹೋಗಬಹುದು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಇನ್ನು, ಹಣ ಬಾರದಿದ್ದರೆ ಮುಂದಿನ ಲೋಡ್ ನಿಲ್ಲಿಸುವ ಹಕ್ಕು ಬೇಕಾದರೆ ಅದನ್ನೂ ಬರೆಯಬೇಕು. ಸರಕು ಮಾರಾಟ ಕಾಯ್ದೆ 1930ರ ಪ್ರಕಾರ, ಬೇರೆ ಉದ್ದೇಶ ಕಾಣದ ಹೊರತು ಪಾವತಿಯ ಸಮಯ ಕರಾರಿನ ಜೀವಾಳವಲ್ಲ.

ಕೊನೆಗೆ, ಈ ಷರತ್ತು ಇರುವ ಕಾಗದ ಯಾವುದು ಎಂಬುದೂ ಒಂದು ಪ್ರಶ್ನೆಯೇ. ಕಂಪನಿಯ ಪರ್ಚೇಸ್ ಆರ್ಡರಿನ ಹಿಂಬದಿಯಲ್ಲಿ ‘90 ದಿನ’ ಎಂದು ಅಚ್ಚಾಗಿರುತ್ತದೆ, ಘಟಕದ ಬಿಲ್ಲಿನ ತಳದಲ್ಲಿ ‘ತಡವಾದರೆ ಶೇ. 24’ ಎಂದು. ಸರಕಿನ ಜೊತೆ ಬಂದ ಬಿಲ್ಲಿನ ಸಣ್ಣಕ್ಷರ ಅದಕ್ಕೂ ಮೊದಲೇ ಆದ ಒಪ್ಪಂದವನ್ನು ಒಬ್ಬರ ಇಚ್ಛೆಯಿಂದ ಬದಲಿಸದು. ‘ಪರ್ಚೇಸ್ ಆರ್ಡರ್, ಬಿಲ್ ಅಥವಾ ಇಮೇಲಿನಲ್ಲಿ ಬೇರೆ ಏನಿದ್ದರೂ ಪಾವತಿಯ ವಿಷಯದಲ್ಲಿ ಈ ಷರತ್ತೇ ನಡೆಯುತ್ತದೆ, ಇಬ್ಬರೂ ಸಹಿ ಮಾಡಿದ ಕಾಗದದಿಂದ ಮಾತ್ರ ಇದನ್ನು ಬದಲಿಸಬಹುದು’ ಎಂದು ಸೇರಿಸಿ, ಅದೇ ಪುಟದಲ್ಲಿ ಇಬ್ಬರ ಸಹಿಯನ್ನೂ ಹಾಕಿಸಬೇಕು.